ಹನಿ ಬೀಳದ ಕಾಗದ

ಗೋಕಾಕದಿಂದ ಮೂಡಲಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ಭೀಮಶಿಯ ರೇಡಿಯೇಟರ್ ಅಂಗಡಿ ಇದೆ. ಬಾಗಿಲಲ್ಲಿ ಎರಡು ನೀರಿನ ಪಾತ್ರೆಗಳು. ಒಂದು ಮಣ್ಣಿನ ಹರವಿ, ಅದಕ್ಕೆ ಒದ್ದೆ ಅರಿವೆ ಸುತ್ತಿರುತ್ತದೆ, ಅದು ಮನುಷ್ಯರಿಗೆ. ಇನ್ನೊಂದು ನೀಲಿ ಬಣ್ಣದ ತಗಡಿನ ಡ್ರಮ್ಮು; ಅದು ಗಾಡಿಗಳಿಗೆ. ಭೀಮಶಿಯ ಅಪ್ಪ ಕಬ್ಬಿನ ಲಾರಿಗಳ ಕಾಲದಲ್ಲಿ ಇಟ್ಟ ಪದ್ಧತಿ ಇದು. ಬಾಯಾರಿ ಬಂದ ಯಾರೂ, ಯಾವ ಗಾಡಿಯೂ ಈ ಬಾಗಿಲಿಂದ ಒಣಗಿದ ಗಂಟಲಲ್ಲಿ ಹೋಗಬಾರದು. ಕೆಲಸಕ್ಕೆ ಕೂಲಿ, ನೀರಿಗಿಲ್ಲ.

ಭೀಮಶಿಗೆ ಈಗ ಐವತ್ತೆಂಟು. ಹದಿನಾರನೆಯ ವಯಸ್ಸಿನಿಂದ ಬೆಸುಗೆ ಹಾಕುತ್ತಿದ್ದಾನೆ. ಎಡಗೈ ಮೇಲೆ ಬಿಸಿನೀರು ಚಿಮ್ಮಿ ಸುಟ್ಟ ಕಲೆ ಗೇರುಬೀಜದ ಆಕಾರದಲ್ಲಿದೆ. ಗಾಡಿ ಎಲ್ಲಿ ಸೋರುತ್ತದೆ ಎಂದು ಹುಡುಕಲು ಅವನ ಹತ್ತಿರ ಒಂದು ಉಪಾಯವಿತ್ತು. ಗಾಡಿಯ ಕೆಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹಾಸಿ, ಮಾಲಕರಿಗೆ ಚಹಾ ತರಿಸುವುದು. ಚಹಾ ಮುಗಿಯುವ ಹೊತ್ತಿಗೆ ಕಾಗದದ ಮೇಲೆ ಹನಿ ಬಿದ್ದಿರುತ್ತದೆ. ಹನಿ ಬಿದ್ದ ಜಾಗದ ನೇರ ಮೇಲೆ ಕೈ ಹಾಕಿದರೆ ತೂತು ಸಿಗುತ್ತದೆ. ಕಾಗದ ಒಣಗಿದ್ದರೆ ಗಾಡಿ ಚೊಲೋ. ನಲವತ್ತು ವರ್ಷ ಅವನು ಆ ಕಾಗದವನ್ನು ನಂಬಿದ್ದ. ಗೋಕಾಕ, ಮೂಡಲಗಿಯ ಜನ ಅವನನ್ನು ನಂಬಿದ್ದರು.

ಏಪ್ರಿಲ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡೂವರೆ ಇರಬೇಕು. ಮೂಡಲಗಿ ಕಡೆಯಿಂದ ಬಂದ ಒಂದು ಚಪ್ಪಟೆ ಬೆನ್ನಿನ ಲಾರಿ ಅಂಗಡಿಯ ಮುಂದೆ ನಿಂತಿತು. ಅದರ ಮೇಲೆ ಒಂದು ಬಿಳಿ ಕರೆಂಟ್ ಕಾರು, ನಾಲ್ಕೂ ಗಾಲಿ ಬಿಗಿದು ಕಟ್ಟಿಸಿಕೊಂಡು ಕುಳಿತಿತ್ತು. ಲಾರಿಯ ಚಾಲಕನ ಬಾಜೂ ಕುಳಿತಿದ್ದವನು ಇಳಿದು ಬಂದ. ಮೂವತ್ತರ ಆಸುಪಾಸು, ಬೂದು ಅಂಗಿ, ಎದೆಯ ಕಿಸೆಯ ಮೇಲೆ ಬೆಳಗಾವಿಯ ವರ್ಕ್‌ಶಾಪಿನ ಹೆಸರು.

"ನೀರು ಕೊಡ್ತೀರೇನ್ರಿ ಮಾಮಾ? ಬಿಸಲು ಸುಟ್ಟ ಹಾಕಾಕತ್ತೇತಿ."

"ಹರವ್ಯಾಗ ಐತಿ ನೋಡ, ತಂಬಿಗಿ ಬಾಜೂಕ ಐತಿ," ಎಂದ ಭೀಮಶಿ. ಲಾರಿಯ ಮೇಲಿನ ಕಾರಿನತ್ತ ಗದ್ದ ಎತ್ತಿ, "ಅದಕ್ಕೇನಾಗೇತೊ? ಹೆಣ ಹೊತ್ತಂಗ ಹೊತಗೊಂಡ ಹೊಂಟೀರಲ್ಲ?"

"ಬ್ಯಾಟರಿ ಕೂಲಂಟ್ ಕಮ್ಮಿ ಅಂತ ತೋರಸಾಕತ್ತೇತ್ರಿ."

ಭೀಮಶಿ ನಕ್ಕ. "ಅಷ್ಟಕ್ಕ ಮೆರವಣಿಗಿ ಏನ? ಇಳಸು. ಡ್ರಮ್ಮಿನ್ಯಾಗ ನೀರ ಐತಿ. ಎರಡ ತಂಬಿಗಿ ಹಾಕಿ ಕಳಸ್ತೀನಿ."

ಅವನೂ ನಕ್ಕ. ಆಮೇಲೆ ಡ್ರಮ್ಮನ್ನು ನೋಡಿದ, ಭೀಮಶಿಯ ಮುಖ ನೋಡಿದ. ನಗು ನಿಂತಿತು.

"ಮಾಮಾ, ಖರೆ ಹೇಳ್ರಿ. ಯಾವದರ ಕರೆಂಟ್ ಗಾಡಿಗಿ ಹಿಂಗ ನೀರ ಹಾಕೀರೇನು?"

"ಯಾಕ? ಹಾಕಿದ್ರ ಏನಾತು?"

ಅವನ ಹೆಸರು ಸೋಮಲಿಂಗ. ಊರು ಮೇಲವಂಕಿ, ಕೆಲಸ ಬೆಳಗಾವಿಯಲ್ಲಿ. ತಂಬಿಗೆ ಕೆಳಗಿಟ್ಟು, ಮಗ್ಗಿ ಹೇಳಿಕೊಡುವವನ ತಾಳ್ಮೆಯಲ್ಲಿ ಹೇಳಿದ. "ಡೀಸೆಲ್ ಎಂಜಿನ್ನಿನ ನೀರು ಕುದೀತೈತಿ, ಆವಿ ಆಗಿ ಹೊಕ್ಕೈತಿ, ನೀವು ಮತ್ತ ತುಂಬಸ್ತೀರಿ. ಇದು ಹಂಗಲ್ರಿ. ಇದು ಬಂದ್ ಮಾಡಿದ ಹಾದಿ. ಬ್ಯಾಟರಿ ಡಬ್ಬಿ ಒಳಗ ಹೊಕ್ಕು, ಅದರ ಬಿಸಿ ತಗೊಂಡು ಹೊರಗ ಬರತೈತಿ. ಕುದಿಯಂಗಿಲ್ಲ, ಆರಂಗಿಲ್ಲ. ಕಮ್ಮಿ ಆತು ಅಂದ್ರ ಎಲ್ಲೋ ಸೋರೇತಿ. ಎಲ್ಲಿ ಅಂತ ತಿಳೀದ ಮ್ಯಾಲಿಂದ ತುಂಬಸಬಾರದು. ಅದರಾಗ ಇರೋದು ಕರೆಂಟ್ ಬಾಳ ಕಮ್ಮಿ ಹರಿಯೋವಂಥ ಕೂಲಂಟು. ನಿಮ್ಮದು ಬೋರಿನ ನೀರು. ಉಪ್ಪು ಐತಿ, ಕರೆಂಟ್ ಹರೀತೈತಿ. ಆ ಡಬ್ಬ್ಯಾಗ ಮುನ್ನೂರು ವೋಲ್ಟಿನ ಮ್ಯಾಲ ಇರತೈತಿ ಮಾಮಾ."

ಭೀಮಶಿಯ ಕಣ್ಣು ನೆಲದ ಮೇಲೆ ನಿಂತಿತ್ತು. ಕಳೆದ ಶನಿವಾರ ಇದೇ ನೆಲದ ಮೇಲೆ ಅವನು ಪತ್ರಿಕೆ ಹಾಸಿದ್ದ.

ಸುಜಾತಾ ಅವನ ತೀರಿಹೋದ ಅಣ್ಣ ಪರಶುರಾಮನ ಮಗಳು. ಹುಕ್ಕೇರಿಯಲ್ಲಿ ಮನೆ. ಗಂಡ ಮಹೇಶ ಸಂಕೇಶ್ವರದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಅವಳು ಕರೆಂಟ್ ಕಾರು ಇಟ್ಟುಕೊಂಡು ದಿನಾ ಮುಂಜಾನೆ ನಾಲ್ವರು ಶಿಕ್ಷಕಿಯರನ್ನು ದಡ್ಡಿ ಊರಿನ ಕಡೆಯ ಶಾಲೆಗಳಿಗೆ ಬಿಟ್ಟು ಬರುತ್ತಾಳೆ. ಶನಿವಾರ ಗೋಕಾಕಕ್ಕೆ ಬಂದು ತಾಯಿಯ ಸೊಂಟದ ಔಷಧ ಒಯ್ಯುತ್ತಾಳೆ. ಕಳೆದ ಶನಿವಾರಕ್ಕೂ ಹಿಂದಿನ ಶನಿವಾರ ಬಂದಾಗ ಗಾಡಿಯ ಪರದೆ ತೋರಿಸಿದ್ದಳು. "ಕಾಕಾ, ಬ್ಯಾಟರಿ ಕೂಲಂಟ್ ಲೋ ಅಂತ ಬಂದೈತಿ. ಹತ್ತರದ ವರ್ಕ್‌ಶಾಪಿಗಿ ತೋರಸ್ರಿ ಅಂತಾನೂ ಬರದೈತಿ."

"ಹತ್ತರದ್ದು ನಂದs ಅಲ್ಲೇನವಾ?" ಎಂದಿದ್ದ ಭೀಮಶಿ. ಕೂಲಂಟ್ ಡಬರಿಯ ಮುಚ್ಚಳ ತೆಗೆದು ಡ್ರಮ್ಮಿನಿಂದ ನೀರು ಹಾಕಿದ. ಒಂದು ಲೀಟರಿನ ಮೇಲೆ ಕುಡಿಯಿತು. ಕೆಂಪು ಅಕ್ಷರ ಮಾಯವಾಯಿತು. ಸುಜಾತಾ ಕೈ ಮುಗಿದಳು. ಕಳೆದ ಶನಿವಾರ ಅಕ್ಷರ ಮತ್ತೆ ಬಂದಿತ್ತು. ಎಸಿಯ ನೀರು ಹನಿಯಬಾರದೆಂದು ಅದನ್ನು ಬಂದ್ ಮಾಡಿಸಿ, ಕೆಳಗೆ ಕಾಗದ ಹಾಸಿ, ಚಹಾ ತರಿಸಿದ. ಒಂದು ಹನಿಯೂ ಬೀಳಲಿಲ್ಲ. "ಕಾಗದ ನೋಡು, ಒಣಾ ಒಣ. ಗಾಡಿ ಚೊಲೋ ಐತಿ," ಎಂದು ಮತ್ತೊಂದು ಲೀಟರು ಹಾಕಿದ. ಹೋಗುವಾಗ ಒಂದು ಬಾಟಲಿಯಲ್ಲಿ ಅದೇ ನೀರು ತುಂಬಿ ಕೈಗಿಟ್ಟ. "ಮತ್ತ ಬಂತಂದ್ರ ನೀನs ಹಾಕೋ. ಇದಕ್ಕೇನ ವಿದ್ಯಾ ಬೇಕು?"

ಈಗ ಆ ಒಣ ಕಾಗದ ಅವನ ಕಣ್ಣ ಮುಂದೆ ಬಂದು ಮಾತಾಡಿತು. ಎರಡು ಲೀಟರಿಗೂ ಮಿಗಿಲಾದ ನೀರು ಒಳಗೆ ಹೋಯಿತು, ಒಂದು ಹನಿ ಹೊರಗೆ ಬರಲಿಲ್ಲ. ಹಾಗಾದರೆ ಎಲ್ಲಿಗೆ ಹೋಯಿತು? ಎಂಜಿನ್ನಾಗಿದ್ದರೆ ಈ ಪ್ರಶ್ನೆಯನ್ನು ಅವನು ಮೊದಲ ದಿನವೇ ಕೇಳುತ್ತಿದ್ದ. ನೀರು ಕುಡಿಯುತ್ತಿದೆ, ನೆಲ ಒಣಗಿದೆ ಎಂದರೆ ಎಂಜಿನ್ನಿನ ಒಳಗೆ ಹೋಗುತ್ತಿದೆ ಎಂದು ಎಷ್ಟು ಲಾರಿ ಮಾಲಕರಿಗೆ ಅವನೇ ಹೇಳಿದ್ದಾನೆ. ಇಲ್ಲಿ ಎಂಜಿನ್ನೇ ಇಲ್ಲವೆಂದು ಆ ಪ್ರಶ್ನೆಯೂ ಇಲ್ಲವೆಂದುಕೊಂಡಿದ್ದ.

ಪಕ್ಕದ ಚಹಾದಂಗಡಿಯ ಬೆಂಚಿನಲ್ಲಿ ಕುಳಿತವರು ಇತ್ತ ಕಿವಿ ಕೊಟ್ಟಿದ್ದರು. ಎಲ್ಲರೂ ಅವನ ಗಿರಾಕಿಗಳು. ಭೀಮಶಿ ಅವರ ಕಡೆ ಒಮ್ಮೆ ನೋಡಿದ.

"ಹಾಕೇನಿ," ಎಂದ. "ಎರಡ ಸಲ. ನನ್ನ ಅಣ್ಣನ ಮಗಳ ಗಾಡಿಗಿ. ಕೆಳಗ ಹನಿ ಬಿದ್ದಿಲ್ಲ."

ಸೋಮಲಿಂಗನ ಮುಖ ಬದಲಾಯಿತು. "ಕೆಳಗ ತಗಡ ಮುಚ್ಚಿರತೈತ್ರಿ, ಅದರಾಗ ನಿಂತಿರಬಹುದು. ಇಲ್ಲಂದ್ರ ಡಬ್ಬಿ ಒಳಗ. ಹೊರಗ ನಿಂತು ನೋಡಿದವರಿಗಿ ಗೊತ್ತಾಗೂದಿಲ್ಲ. ಗಾಡಿ ಈಗ ಎಲ್ಲೈತಿ?"

"ಹುಕ್ಕೇರ್ಯಾಗ. ಈ ಹೊತ್ತಿಗಿ ಚಾರ್ಜಿಗಿ ಹಚ್ಚತಾಳ."

"ಹೊರಗೋ, ಒಳಗೋ?"

"ತಗಡಿನ ಶೆಡ್ಡಿನ್ಯಾಗ." ಭೀಮಶಿ ಮುಂದಿನ ಮಾತು ಕಷ್ಟಪಟ್ಟು ಹೇಳಿದ. "ಶೆಡ್ಡಿನ ಗ್ವಾಡಿಗಿ ಹತ್ತಿ ನಮ್ಮ ವೈನಿ, ಆ ಹುಡಗಿ ಅವ್ವ, ಮಲಗೂ ಕೋಲಿ. ಆಕಿ ಸೊಂಟ ಮುರಕೊಂಡಾಳ. ಏಳಾಕ ಬರಂಗಿಲ್ಲ."

ಭೀಮಶಿ ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಮೂರನೆಯ ಸಲ ದನಿ ಬಂತು.

"ಏನ್ ಕಾಕಾ, ಒಂದs ಸವನ ಫೋನ ಮಾಡಾಕತ್ತೀರಿ? ಫೋನ ಒಳಗಿತ್ತು. ನಾ ಗಾಡಿ ಮುಂದ ನಿಂತೇನಿ. ಮತ್ತ ಆ ಕೆಂಪ ಅಕ್ಷರ ಬಂದೈತಿ, ಈ ಸಲ ಬ್ಯಾಟರಿ ಬಿಸಿ ಅಂತಾನೂ ಅನ್ನಾಕತ್ತೇತಿ. ಚಾರ್ಜ್ ತಾನs ನಿಂತ ಬಿಟ್ಟೈತಿ. ನೀವು ಕೊಟ್ಟ ಬಾಟ್ಲಿ ಹಿಡಕೊಂಡೇನಿ, ಈಗ ಹಾಕತೇನಿ."

"ಹಾಕಬ್ಯಾಡ!"

ಚಹಾದಂಗಡಿಯವರು ಎದ್ದು ನಿಂತರು. ಭೀಮಶಿ ಅಷ್ಟು ಜೋರಾಗಿ ಕೂಗಿದ್ದನ್ನು ಅವರು ಕೇಳಿರಲಿಲ್ಲ.

"ನೀವs ಹೇಳಿದ್ರಲ್ಲ ಕಾಕಾ?"

"ನಾ ತಪ್ಪ ಹೇಳಿದ್ನಿ. ತಂಗಿ, ನಾ ತಪ್ಪ ಹೇಳಿದ್ನಿ. ಬಾಟ್ಲಿ ಒಗದು ದೂರ ಸರಿ. ಇಲ್ಲೊಬ್ಬರು ಬಲ್ಲವರು ಅದಾರ, ಅವರು ಹೇಳಿದಂಗ ಮಾಡು."

ಸೋಮಲಿಂಗ ಫೋನು ತೆಗೆದುಕೊಂಡ. ಅವನ ದನಿ ಅವಸರಪಡಲಿಲ್ಲ. "ಅಕ್ಕಾರ, ಹೊಗಿ ಕಾಣಾಕತ್ತೇತೇನು? ಸುಂಯ್ ಅಂತ ಸಪ್ಪಳ? ಏನರ ವಾಸನಿ? ಇಲ್ಲ? ಚೊಲೋ ಆತು. ಮುಚ್ಚಳ ಮುಟ್ಟಬ್ಯಾಡ್ರಿ. ಚಾರ್ಜಿನ ವೈರೂ ಕೀಳಬ್ಯಾಡ್ರಿ. ಮನಿ ಒಳಗಿನ ಮೇನ್ ಸ್ವಿಚ್ ಬಂದ್ ಮಾಡ್ರಿ. ಅವ್ವನ್ನ ಕಾಟ್ ಸಮೇತ ಹೊರಗ ತರಸ್ರಿ, ಶೆಡ್ಡಿನ ಕಡಿಂದ ಅಲ್ಲ, ಮುಂಚಿ ಬಾಗಲಿಂದ. ರಸ್ತೆ ದಾಟಿಸಿ ದೂರ. ಆಮ್ಯಾಲ ಅಗ್ನಿಶಾಮಕದವರಿಗಿ ಫೋನ ಮಾಡಿ, ಕರೆಂಟ್ ಗಾಡಿ, ಬ್ಯಾಟರಿ ಬಿಸಿ ಆಗೇತಿ ಅಂತ ಹೇಳ್ರಿ. ಗಾಡಿ ಚಾಲೂ ಮಾಡಿ ಹೊರಗ ತರತೇನಿ ಅನ್ನಬ್ಯಾಡ್ರಿ. ಹೊಗಿ ಬಂತಂದ್ರ ಯಾರೂ ಹತ್ತರ ಹೋಗಬ್ಯಾಡ್ರಿ. ಗಾಡಿ ಹೋದ್ರ ಹೋಗಲಿ."

ಸೋಮಲಿಂಗ ಬೆಳಗಾವಿಗೆ ಫೋನು ಮಾಡಿ ಇನ್ನೊಂದು ಲಾರಿ, ಇಬ್ಬರು ಜನ ಬೇಕೆಂದ. ತನ್ನ ಲಾರಿಯನ್ನು ಚಾಲಕನ ಜೊತೆ ಮುಂದೆ ಕಳಿಸಿ, ಅದರಿಂದ ಒಂದು ಕರಿ ಚೀಲ ಇಳಿಸಿಕೊಂಡ. "ನಿಮ್ಮ ಬೈಕ್ ಐತೇನ್ರಿ?"

ಗೋಕಾಕದಿಂದ ಹುಕ್ಕೇರಿಯ ಹಾದಿ ಭೀಮಶಿಗೆ ಅಂಗೈಯಷ್ಟು ಪರಿಚಯ. ಆದರೆ ಆ ದಿನ ಅದು ಉದ್ದವಾಗುತ್ತಲೇ ಹೋಯಿತು. ಎರಡೂ ಬದಿ ಕಬ್ಬು ಬಿಸಿಲಲ್ಲಿ ಹೊಳೆಯುತ್ತಿತ್ತು. ಕಾಲುವೆಯ ನೀರು ಕಂಡಾಗಲೆಲ್ಲ ಅವನು ಮುಖ ತಿರುಗಿಸಿದ. ಹಿಂದೆ ಕುಳಿತ ಸೋಮಲಿಂಗನನ್ನು ಒಮ್ಮೆ ಕೇಳಿದ.

"ನಾ ಹಾಕಿದ ಮ್ಯಾಲೆ ಆ ಅಕ್ಷರ ಹೋತಲ್ಲೊ ತಮ್ಮಾ. ಯಾಕ ಹೋತು?"

"ನೀವು ನೀರ ಹಾಕಿದ ಡಬರ್ಯಾಗ ಮಟ್ಟ ಏರಿತು, ಅಕ್ಷರ ಹೋತು. ಅದಕ್ಕ ಮಟ್ಟ ಗೊತ್ತು ಮಾಮಾ, ನೀರು ಯಾವದು ಅನ್ನೂದು ಗೊತ್ತಿಲ್ಲ. ಅದರ ಮ್ಯಾಲ ಕೂಲಂಟ್ ಹರಿಯೋ ಹಾದ್ಯಾಗ ಗಾಳಿ ಸಿಕ್ಕೊಂಡಿರತೈತಿ. ಅದನ್ನ ತಗ್ಯಾಕ ಮಷೀನ್ ಹಚ್ಚಿ ಪಂಪ್ ತಿರಗಸಬೇಕು. ಗಾಳಿ ನಿಂತ ಕಡೆ ತಂಪು ಮುಟ್ಟೂದಿಲ್ಲ. ಅಲ್ಲಿ ಬಿಸಿ ಏರತೈತಿ."

ಭೀಮಶಿ ಬೈಕಿನ ವೇಗ ಏರಿಸಿದ.

ಓಣಿಯ ತುದಿಗೆ ಕೆಂಪು ಅಗ್ನಿಶಾಮಕ ಗಾಡಿ ನಿಂತಿತ್ತು. ಎದುರಿನ ಬೇವಿನ ಮರದ ಕೆಳಗೆ ಕಾಟು, ಅದರ ಮೇಲೆ ವೈನಿ ಚನ್ನವ್ವ. ಅವಳನ್ನು ನೋಡಿದ ಕೂಡಲೇ ಭೀಮಶಿ ಬೈಕು ನಿಲ್ಲಿಸಿ ಅತ್ತ ನಡೆದ.

"ಬಂದ್ಯಾ ಭೀಮಶಿ?" ಎಂದಳು ಚನ್ನವ್ವ. "ನಾಲ್ಕ ತಿಂಗಳಿಂದ ಹೊರಗ ಕರಕೊಂಡ ಹೋಗ್ರಿ ಅಂದ್ರ ಯಾರೂ ಒಯ್ಯಲಿಲ್ಲ. ಇವತ್ತ ಕಾಟ್ ಸಮೇತ ಮೆರಸ್ಯಾರ ನೋಡು."

ಯಾರೋ ನಕ್ಕರು. ಸುಜಾತಾ ನಗಲಿಲ್ಲ. ಕಾಟಿನ ತಲೆದೆಸೆಯಲ್ಲಿ ನಿಂತು ಶೆಡ್ಡನ್ನೇ ನೋಡುತ್ತಿದ್ದಳು. ಅವಳ ಕೆನ್ನೆ ಬೆವತಿತ್ತು.

ಶೆಡ್ಡಿನ ಮುಂದೆ ನೆರೆಮನೆಯ ರಾಜಪ್ಪ ಎರಡು ಕೊಡ ನೀರು ತಂದು ಇಟ್ಟಿದ್ದ. ಅಗ್ನಿಶಾಮಕದವರು ತಡೆದಿದ್ದರೂ ಅವನು ಬಿಡುತ್ತಿರಲಿಲ್ಲ. "ಬಿಸಿ ಆಗೇತಿ ಅಂತೀರಿ, ನೀರ ಹಾಕಬ್ಯಾಡ ಅಂತೀರಿ, ಇದ್ಯಾವ ನ್ಯಾಯ? ಬಾನೆಟ್ ತಗದs ಐತಿ, ಎರಡ ಕೊಡ ಸುರದ ಬಿಟ್ರ ಮುಗೀತು."

ಭೀಮಶಿ ಅವನ ಎದುರಿಗೆ ಹೋಗಿ ನಿಂತ. "ರಾಜಪ್ಪ, ಕೊಡ ತಗೊಂಡ ಹಿಂದ ನಡಿ."

"ನೀವs ಹಿಂಗಂದ್ರ ಹೆಂಗ್ರಿ? ನೀರ ಹಾಕೂದ್ರಾಗ ನಿಮ್ಮನ್ನ ಮೀರಸಿದವರು ಯಾರದಾರ?"

"ಅದಕ್ಕs ಹೇಳಾಕತ್ತೇನಿ. ನಡಿ."

ಸೋಮಲಿಂಗ ದೂರದಲ್ಲೇ ನಿಂತು ಮೂಗೆಳೆದು ನೋಡಿದ, ಕಿವಿಗೊಟ್ಟ. ಚೀಲದಿಂದ ಶಾಖ ತೋರಿಸುವ ಕ್ಯಾಮರಾ ತೆಗೆದು, ಗಾಡಿಯ ಕೆಳಭಾಗಕ್ಕೆ ಗುರಿ ಹಿಡಿದ. ಭೀಮಶಿ ಅವನ ಹೆಗಲ ಮೇಲಿಂದ ಇಣುಕಿದ. ಸಣ್ಣ ಪರದೆಯಲ್ಲಿ ಗಾಡಿಯ ಹೊಟ್ಟೆ ನೀಲಿಯಾಗಿತ್ತು. ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಹಳದಿ ಕಲೆ.

"ಅಲ್ಲಿ ಬಿಸಿ ಐತಿ. ಏರಾಕತ್ತೇತೊ, ಇಳ್ಯಾಕತ್ತೇತೊ ನೋಡಬೇಕು. ಅಲ್ಲಿತನ ಯಾರೂ ಮುಟ್ಟಂಗಿಲ್ಲ."

ಕಾಲು ತಾಸು ಕಾದರು. ತಗಡಿನ ಮಾಡು ಬಿಸಿಲಿಗೆ ಟಿಕ್ ಎಂದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಸೋಮಲಿಂಗ ಮತ್ತೆ ಕ್ಯಾಮರಾ ಹಿಡಿದ. ಎರಡು ಡಿಗ್ರಿ ಏರಿತ್ತು. ಅಗ್ನಿಶಾಮಕದ ಅಧಿಕಾರಿ ಪೈಪು ಬಿಚ್ಚಿ ಸಿದ್ಧವಿಡಲು ಹೇಳಿ, ಜನರನ್ನು ಇನ್ನಷ್ಟು ದೂರ ಕಳಿಸಿದ. ಕಾಟು ಇನ್ನೊಂದು ಮನೆ ದಾಟಿತು. ಭೀಮಶಿ ಅದರ ಒಂದು ಕಾಲು ಹಿಡಿದಿದ್ದ. ವೈನಿಯ ಕಣ್ಣು ನೋಡಲಾಗಲಿಲ್ಲ.

ಇನ್ನೊಂದು ಕಾಲು ತಾಸು. ಅಷ್ಟೇ ಇತ್ತು. ಮತ್ತೊಂದು. ಒಂದು ಡಿಗ್ರಿ ಇಳಿಯಿತು.

ಕಾಯುತ್ತಿರುವಾಗ ಸೋಮಲಿಂಗ ಜೇಬಿನಿಂದ ಹಾಳೆ ತೆಗೆದ. "ಅಕ್ಕಾರ, ಇದರಾಗ ಕಂಪನಿ ಕೂಲಂಟ್ ಬಿಟ್ಟು ಬ್ಯಾರೆ ಏನರ ಹಾಕ್ಯಾರೇನು? ಬಿಚ್ಚೋರಿಗಿ ಗೊತ್ತಿರಬೇಕು."

ಅವನಿಗೆ ಉತ್ತರ ಗೊತ್ತಿತ್ತು. ಆದರೂ ಗಾಡಿಯ ಒಡತಿಯನ್ನು ಕೇಳಿದ. ತನ್ನ ಮಾನವನ್ನು ತನ್ನ ಕೈಯಲ್ಲೇ ಬಿಡುತ್ತಿದ್ದಾನೆ ಎಂದು ಭೀಮಶಿಗೆ ತಿಳಿಯಿತು. ಸುಜಾತಾ ಕಾಕಾನ ಕಡೆ ನೋಡಿದಳು.

ರಾಜಪ್ಪನೇ ನಡುವೆ ಬಾಯಿ ಹಾಕಿದ. "ಏನ ಹಾಕ್ತಾರ್ರಿ? ಕಂಪನಿ ಮಾಲs ಕಚ್ಚಾ. ಈಗಿನ ಗಾಡಿ ಎಲ್ಲಾ ಹಂಗs."

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಆ ಮಾತಿನ ನೆರಳಲ್ಲಿ ನಿಂತುಬಿಟ್ಟರೆ ಸಾಕಿತ್ತು. ಯಾರೂ ಬೆರಳು ತೋರಿಸುತ್ತಿರಲಿಲ್ಲ.

"ಸೋರಿದ್ದು ಗಾಡಿದು," ಎಂದ ಭೀಮಶಿ. "ನೀರು ನಂದು. ಬರಕೊ ತಮ್ಮಾ. ಗೋಕಾಕದ ಬೋರಿನ ನೀರು. ಮೊದಲನೇ ಶನಿವಾರ ಒಂದೂಕಾಲು ಲೀಟರು. ಎರಡನೇ ಶನಿವಾರ ಒಂದು. ಸೋಸಿದ್ದಲ್ಲ. ಡ್ರಮ್ಮಿನ್ಯಾಗ ತುಕ್ಕೂ ಇತ್ತು."

ಸೋಮಲಿಂಗ ಬರೆದುಕೊಂಡ. ಸುಜಾತಾ ಮೆಲ್ಲಗೆ ಹೇಳಿದಳು, "ಅವ್ವ ಆ ಕೋಲ್ಯಾಗ ಮಲಗಿದ್ಲು ಕಾಕಾ." ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ನಾಲ್ಕು ಗಂಟೆಯ ಮೇಲೆ ಬೆಳಗಾವಿಯ ಲಾರಿ ಬಂತು. ಹಳದಿ ಕಲೆ ಆಗಲೇ ಹಸಿರಾಗಿತ್ತು. ಬಂದ ಇಬ್ಬರು ಮತ್ತು ಸೋಮಲಿಂಗ ಮೊಣಕೈವರೆಗಿನ ದಪ್ಪ ರಬ್ಬರ್ ಕೈಗವಸು ತೊಟ್ಟರು. ತೊಡುವ ಮುಂಚೆ ಒಂದೊಂದನ್ನೂ ಗಾಳಿ ತುಂಬಿ ಒತ್ತಿ, ತೂತಿಲ್ಲವೆಂದು ನೋಡಿದರು. ಆ ಪರೀಕ್ಷೆ ಭೀಮಶಿಯ ಕಣ್ಣಿಗೆ ಬಿತ್ತು. ಅವನೂ ಟ್ಯೂಬುಗಳನ್ನು ಹಾಗೇ ನೋಡುತ್ತಾನೆ. ಒಬ್ಬ ಕೆಲಸ ಮಾಡುವಾಗ ಇನ್ನೊಬ್ಬ ಕೈ ಕಟ್ಟಿ ಅವನನ್ನೇ ನೋಡುತ್ತ ನಿಂತಿದ್ದ. ಏನಾದರೂ ಆದರೆ ಎಳೆಯುವುದಕ್ಕೆ ಎಂದು ಸೋಮಲಿಂಗ ಹೇಳಿದ. ಕಿತ್ತಳೆ ಬಣ್ಣದ ವೈರುಗಳ ಸಂಪರ್ಕ ತಪ್ಪಿಸಿದರು, ಕಾದರು, ಮೀಟರು ಹಿಡಿದು ನೋಡಿದರು, ಆಮೇಲಷ್ಟೇ ಮುಂದುವರಿದರು. ಯಾವ ಹೆಜ್ಜೆಯಲ್ಲೂ ಅವಸರವಿರಲಿಲ್ಲ. ಗಾಡಿ ಹಗ್ಗದಿಂದ ಎಳೆಸಿಕೊಂಡು ಲಾರಿ ಏರಿತು, ನಾಲ್ಕೂ ಗಾಲಿ ಮೇಲೆ. ಮೂಡಲಗಿಯ ಗಾಡಿಯ ಹಾಗೆಯೇ. ಮಧ್ಯಾಹ್ನ ಅದನ್ನು ನೋಡಿ ಹೆಣದ ಮಾತಾಡಿದ್ದು ಅವನಿಗೆ ನೆನಪಾಯಿತು.

ಎಂಟು ದಿನದ ಮೇಲೆ ಭೀಮಶಿ ಬಸ್ಸು ಹಿಡಿದು ಬೆಳಗಾವಿಯ ವರ್ಕ್‌ಶಾಪಿಗೆ ಹೋದ. ಯಾರೂ ಕರೆದಿರಲಿಲ್ಲ. ಹಳದಿ ಗೆರೆಯ ಆಚೆ ನಿಲ್ಲಿಸಿ ಸೋಮಲಿಂಗ ತೋರಿಸಿದ. ಬಿಚ್ಚಿದ ಬ್ಯಾಟರಿ ಡಬ್ಬಿಯ ತಳದಲ್ಲಿ ಕೂಲಂಟು ಹರಿಯುವ ತಗಡಿನ ಜೋಡಣೆ ಕೂದಲಿನಷ್ಟು ಬಿಟ್ಟಿತ್ತು. ಮೂಲೆಯಲ್ಲಿ ಬಿಳಿ ಉಪ್ಪಿನ ಕಟ್ಟು, ಒಂದು ವೈರಿನ ಜೋಡಣೆಯ ಮೇಲೆ ಹಸಿರು ಕಿಲುಬು. ಬೋರಿನ ನೀರು ಆರಿದರೆ ಹೀಗೇ ಕಟ್ಟುತ್ತದೆ. ಸಾವಿರ ರೇಡಿಯೇಟರುಗಳಲ್ಲಿ ಅವನು ಕೆರೆದು ತೆಗೆದಿದ್ದಾನೆ.

"ಮತ್ತೊಂದು ಲೀಟರ್ ಹಾಕಿದ್ರ?" ಎಂದು ಕೇಳಿದ.

"ಹೇಳಾಕ ಬರಂಗಿಲ್ಲ ಮಾಮಾ. ಏನೂ ಆಗದs ಇರಬಹುದಿತ್ತು. ಆಗಿದ್ರ, ಗ್ವಾಡಿ ಆಚಿ ಇದ್ದವರಿಗಿ ಏಳಾಕ ಹೊತ್ತ ಸಿಗತಿರಲಿಲ್ಲ."

ಗಾಡಿ ಬರಲು ಎರಡು ತಿಂಗಳಾಯಿತು. ಅಲ್ಲಿಯವರೆಗೆ ಶಿಕ್ಷಕಿಯರು ಬಸ್ಸಿಗೆ ಹೋದರು. ಸುಜಾತಾ ಶನಿವಾರ ಗೋಕಾಕಕ್ಕೆ ಬರಲಿಲ್ಲ. ಔಷಧವನ್ನು ಭೀಮಶಿಯೇ ಒಯ್ದು ಕೊಡುತ್ತಿದ್ದ. ಅವಳು ಚಹಾ ಕೊಡುತ್ತಿದ್ದಳು, ಮಾತು ಕಡಿಮೆ. ಅಂಗಡಿಯಲ್ಲಿ ನೀಲಿ ಡ್ರಮ್ಮು ಇದ್ದಲ್ಲೇ ಇತ್ತು. ಅದರ ಮೇಲೆ ಅವನು ಕೆಂಪು ಬಣ್ಣದಲ್ಲಿ ತಾನೇ ಬರೆದ: ಕರೆಂಟ್ ಗಾಡಿಗೆ ಅಲ್ಲ. ಕೆಳಗೆ ಸೋಮಲಿಂಗನ ನಂಬರು. ಗಿರಾಕಿಗಳು ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದ. "ಮುದಕ ಆದಿರಿ ಬಿಡ್ರಿ," ಎಂದು ಕೆಲವರು ಚೇಷ್ಟೆ ಮಾಡಿದರು. ಒಬ್ಬಿಬ್ಬರು ಬೇರೆ ಅಂಗಡಿಗೆ ಹೋದರು.

ಜೂನ್ ಕೊನೆಯ ಒಂದು ಶನಿವಾರ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಸುಜಾತಾ ಇಳಿದು, ಹರವಿಯಿಂದ ತಾನೇ ತಂಬಿಗೆ ತುಂಬಿಕೊಂಡು ಗಟಗಟ ಕುಡಿದಳು. ಭೀಮಶಿ ಬೆಸುಗೆ ಬಿಟ್ಟು ಎದ್ದು ಬಂದ. ಗಾಡಿಯ ಮುಂಭಾಗದ ಕೆಳಗೆ ನೆಲದ ಮೇಲೆ ಒಂದು ಹನಿ ಬಿದ್ದಿತ್ತು. ಇನ್ನೊಂದು ಬಿತ್ತು.

ಅವನು ಕುಕ್ಕರುಗಾಲಲ್ಲಿ ಕುಳಿತು ನೋಡಿದ. ಕೈ ಮುಂದೆ ಹೋಯಿತು, ಅರ್ಧಕ್ಕೆ ನಿಂತಿತು.

"ಎಸಿ ನೀರು ಕಾಕಾ," ಎಂದಳು ಸುಜಾತಾ.

"ಹೌದೇನು?"

"ಹೌದು."

"ಯಾವದಕ್ಕೂ ಸೋಮಲಿಂಗಗ ಒಂದ ಫೋಟೋ ಕಳಸು," ಎಂದ ಭೀಮಶಿ, ಏಳದೆ.

ಸುಜಾತಾ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಂಬಿಗೆ ಕೆಳಗಿಟ್ಟು, ಅವನ ಪಕ್ಕದಲ್ಲೇ ಕುಳಿತು, ಫೋನು ತೆಗೆದಳು.